ಹಾಲು, ಕಫ ಮತ್ತು ಗಂಟಲಿನ ಸಾಕ್ಷಿ

ಒಂದೇ ಅಡುಗೆಮನೆಯಲ್ಲಿ ಹಾಲಿನ ಬಗ್ಗೆ ಎರಡು ತೀರ್ಪು ಇರುತ್ತವೆ. ಎರಡನ್ನೂ ಕೊಡುವವರು ಒಬ್ಬರೇ. ಬೆಳಿಗ್ಗೆ ಮಗು ಕೆಮ್ಮುತ್ತಾ ಎದ್ದರೆ, "ಇವತ್ತು ಹಾಲು ಬೇಡ ಕಣೇ, ಕಫ ಕಟ್ಟತ್ತೆ" ಎಂದು ಅಜ್ಜಿ ಸೊಸೆಗೆ ಹೇಳುತ್ತಾರೆ. ರಾತ್ರಿ ಅದೇ ಮಗುವಿನ ಕೆಮ್ಮು ಜೋರಾದರೆ ಅದೇ ಅಜ್ಜಿ ಎದ್ದು ಹೋಗಿ ಹಾಲು ಕಾಯಿಸಿ, ಚಿಟಿಕೆ ಅರಿಶಿನ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ, ಕಲ್ಲುಸಕ್ಕರೆ ಕರಗಿಸಿ ಕುಡಿಸುತ್ತಾರೆ. ಬೆಳಗಿನ ಹಾಲು ಕಫ ಮಾಡುತ್ತದೆ, ರಾತ್ರಿಯ ಹಾಲು ಕಫ ಕೀಳುತ್ತದೆ. ಇದನ್ನು ಕೇಳಿ ನಗುವುದು ಸುಲಭ. ಆದರೆ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಹಾಲು ಕುಡಿದ ಮೇಲೆ ಗಂಟಲು ಅಂಟಂಟಾಗಿದ್ದನ್ನು ಅವರು ತಮ್ಮ ಗಂಟಲಲ್ಲೇ ಅನುಭವಿಸಿದ್ದಾರೆ, ಬಿಸಿ ಅರಿಶಿನ ಹಾಲಿಗೆ ಕೆಮ್ಮು ತುಸು ತಗ್ಗಿದ್ದನ್ನೂ ಕಂಡಿದ್ದಾರೆ. ಎರಡೂ ನಿಜ. ಹಾಗಾದರೆ ಆ ಅಂಟು ನಿಜವಾಗಿ ಎಲ್ಲಿದೆ, ಯಾವುದರಿಂದ ಆಗಿದೆ ಎಂಬುದೇ ಪ್ರಶ್ನೆ.

ಶಾಸ್ತ್ರವನ್ನು ಕೇಳಿದರೆ ಅಲ್ಲೂ ಇದೇ ಎರಡು ಮಾತು. ಅಷ್ಟಾಂಗಹೃದಯದ ಸೂತ್ರಸ್ಥಾನದ ಐದನೇ ಅಧ್ಯಾಯದಲ್ಲಿ ಹಾಲಿನ ಸಾಮಾನ್ಯ ಗುಣಗಳನ್ನು ಹೇಳುವಾಗ ಅದು ಗುರು, ಶೀತಲ, ಶ್ಲೇಷ್ಮಲ ಎಂದಿದೆ. ಶ್ಲೇಷ್ಮಲ ಎಂದರೆ ಕಫವನ್ನು ಹೆಚ್ಚಿಸುವಂಥದ್ದು. ಮುಂದಿನ ಸಾಲುಗಳಲ್ಲೇ ಹಸುವಿನ ಹಾಲು ಯಾವ ಯಾವ ಕಾಯಿಲೆಗಳನ್ನು ಕಳೆಯುತ್ತದೆ ಎಂಬ ಪಟ್ಟಿ ಬರುತ್ತದೆ, ಅದರಲ್ಲಿ ಶ್ವಾಸವೂ ಇದೆ, ಕಾಸವೂ ಇದೆ. ಅಂದರೆ ದಮ್ಮು ಮತ್ತು ಕೆಮ್ಮು. ಆಡಿನ ಹಾಲಿಗೂ ಶ್ವಾಸವನ್ನು ಗೆಲ್ಲುವ ಗುಣ ಹೇಳಿದೆ. "ಆಯುರ್ವೇದದಲ್ಲೇ ಹೇಳಿದೆ, ಹಾಲು ಕಫ" ಎನ್ನುವವರು ಮೊದಲ ಸಾಲನ್ನು ಓದಿ ಪುಸ್ತಕ ಮುಚ್ಚಿರುತ್ತಾರೆ.

ಇಲ್ಲಿ ಒಂದು ಪದದ ಗೋಜಲೂ ಇದೆ. ಶಾಸ್ತ್ರದ ಕಫ ಮೂರು ದೋಷಗಳಲ್ಲಿ ಒಂದು. ಮೈಯ ಭಾರ, ಜಿಡ್ಡು, ತಂಪು, ಕಟ್ಟುಮಸ್ತು ಎಲ್ಲ ಅದರ ಲೆಕ್ಕಕ್ಕೇ ಬರುತ್ತವೆ. ನಮ್ಮ ದಿನದ ಮಾತಿನ ಕಫವೋ ಕೆಮ್ಮಿದಾಗ ಬಾಯಿಗೆ ಬರುವ ಗಟ್ಟಿ ಲೋಳೆ. ಹೆಸರು ಒಂದೇ ಆದ್ದರಿಂದ ಮೊದಲನೆಯದರ ಬಗ್ಗೆ ಹೇಳಿದ್ದು ಎರಡನೆಯದಕ್ಕೆ ತಾನಾಗಿ ಅಂಟಿಕೊಂಡಿತು. ಹಾಗೆಂದು ಇದು ನಮ್ಮಲ್ಲಿ ಮಾತ್ರ ಹುಟ್ಟಿದ ನಂಬಿಕೆಯೂ ಅಲ್ಲ. ಹನ್ನೆರಡನೇ ಶತಮಾನದ ವೈದ್ಯ ಮೈಮೊನಿಡೀಸ್ ದಮ್ಮಿನ ಬಗ್ಗೆ ಬರೆದ ಗ್ರಂಥದಲ್ಲೂ ಹಾಲಿನ ಬಗ್ಗೆ ಎಚ್ಚರಿಕೆ ಇದೆ. ಕಫ ಎಂಬ ಪದವೇ ಇಲ್ಲದ ಊರುಗಳಲ್ಲೂ ಜನ ಇದನ್ನೇ ಹೇಳಿದ್ದಾರೆಂದರೆ, ಹಾಲು ಕುಡಿದವರ ಗಂಟಲಿನಲ್ಲಿ ಏನೋ ಒಂದು ಆಗುತ್ತಿದೆ ಎಂದೇ ಅರ್ಥ.

ಹಾಲು ಹೋಗುವ ದಾರಿ, ಲೋಳೆ ಹುಟ್ಟುವ ಜಾಗ

ಶ್ವಾಸನಾಳದ ಒಳಗೋಡೆಯಲ್ಲಿ ಗಾಬ್ಲೆಟ್ ಕೋಶಗಳೆಂಬ ಸಣ್ಣ ಕೋಶಗಳಿವೆ, ಅವುಗಳ ಕೆಳಗೆ ಲೋಳೆ ಗ್ರಂಥಿಗಳಿವೆ. ಇವೆರಡೂ ಸೇರಿ ಸುರಿಸುವುದೇ ಶ್ಲೇಷ್ಮ. ಅದರ ಬಹುಪಾಲು ನೀರು. ಉಳಿದದ್ದರಲ್ಲಿ ಮ್ಯೂಸಿನ್ ಎಂಬ ಉದ್ದನೆಯ ಸಕ್ಕರೆ-ಪ್ರೋಟೀನ್ ಎಳೆಗಳಿದ್ದು, ಲೋಳೆಗೆ ಲೋಳೆತನ ಕೊಡುವುದು ಅವೇ. ಗೋಡೆಯ ಮೇಲಿನ ಕೂದಲಿನಂಥ ಸಿಲಿಯಾಗಳು ಒಂದು ಸೆಕೆಂಡಿಗೆ ಹತ್ತಾರು ಸಲ ಬೀಸಿ ಈ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಗಂಟಲಿಗೆ ಬಂದದ್ದನ್ನು ನಾವು ಗೊತ್ತಿಲ್ಲದೇ ನುಂಗುತ್ತೇವೆ. ಆರೋಗ್ಯವಾಗಿರುವವರಲ್ಲೂ ಇದು ದಿನವಿಡೀ ನಡೆಯುವ ಕೆಲಸ. ನೆಗಡಿ ಬಂದಾಗ ವೈರಸ್ಸು ಈ ಗೋಡೆಯನ್ನು ಕೆಣಕುತ್ತದೆ. ಆಗ ಲೋಳೆ ಹೆಚ್ಚು ಹುಟ್ಟುತ್ತದೆ, ದಪ್ಪವಾಗುತ್ತದೆ, ಬೀಸುವ ಕೂದಲು ಸುಸ್ತಾಗುತ್ತದೆ, ಕೆಮ್ಮು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಹಾಲು ಈ ಕೊಳವೆಗೆ ಹೋಗುವುದೇ ಇಲ್ಲ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿ ಹಾಲು ಅನ್ನನಾಳಕ್ಕಿಳಿಯುತ್ತದೆ. ಹೊಟ್ಟೆಯಲ್ಲಿ ಅದು ಒಡೆದು ಗಡ್ಡೆಯಾಗಿ, ಕರುಳಿನಲ್ಲಿ ಅಮೈನೋ ಆಮ್ಲ, ಕೊಬ್ಬಿನಾಮ್ಲ, ಸಕ್ಕರೆಯಾಗಿ ಬಿಡಿಸಿಕೊಂಡು ರಕ್ತ ಸೇರುತ್ತದೆ. ಹಾಲಿನ ಬಿಳುಪಾಗಲಿ ಜಿಗುಟಾಗಲಿ ಆ ಹೊತ್ತಿಗೆ ಉಳಿದಿರುವುದಿಲ್ಲ. ಹಾಲು ಕಫ ಮಾಡಬೇಕಾದರೆ ಅದರಲ್ಲಿನ ಯಾವುದೋ ಅಂಶ ರಕ್ತದ ಮೂಲಕ ಶ್ವಾಸಕೋಶದ ಗ್ರಂಥಿಗಳನ್ನು ತಲುಪಿ "ಇನ್ನಷ್ಟು ಸುರಿಸು" ಎನ್ನಬೇಕು. ಅಂಥದ್ದು ಸಾಧ್ಯವೇ ಇಲ್ಲ ಎಂದು ಕುಳಿತಲ್ಲೇ ಹೇಳಲಾಗದು. ಅಳೆದು ನೋಡಬೇಕು.

ಅಡಿಲೇಡ್‌ನಲ್ಲಿ ತೂಗಿದ ಸಿಂಬಳ

ಅಳೆದವರು ಆಸ್ಟ್ರೇಲಿಯಾದ ಅಡಿಲೇಡ್‌ನವರು. 1990ರಲ್ಲಿ ಪ್ರಕಟವಾದ ಅವರ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮೊದಲು ನೆನಪಿಗೆ ಬರುವಂಥದ್ದು, ಯಾಕೆಂದರೆ ಅವರು "ನಿಮಗೆ ಕಫ ಹೆಚ್ಚಾಯಿತಾ" ಎಂದು ಕೇಳುವುದರಲ್ಲೇ ನಿಲ್ಲಲಿಲ್ಲ. ಹದಿನೆಂಟರಿಂದ ಮೂವತ್ತೈದು ವಯಸ್ಸಿನ 60 ಜನ ಸ್ವಯಂಸೇವಕರ ಮೂಗಿಗೆ ಬೇಕೆಂದೇ ನೆಗಡಿ ವೈರಸ್ಸು, ರೈನೋವೈರಸ್-2, ಬಿಟ್ಟರು. ಮುಂದಿನ ಹತ್ತು ದಿನ ಪ್ರತಿಯೊಬ್ಬರ ಮೂಗಿನ ಸ್ರಾವವನ್ನು ತೂಕ ಮಾಡಿದರು. ಇಂಥ ಅಧ್ಯಯನಗಳಲ್ಲಿ ತೂಕದ ಪದ್ಧತಿ ಸರಳ: ಮೂಗು ಒರೆಸುವ ಕಾಗದದ ತೂಕ ಮೊದಲೇ ಗೊತ್ತಿರುತ್ತದೆ, ಒರೆಸಿದ ಮೇಲೆ ಅದು ಒಣಗದಂತೆ ಚೀಲದಲ್ಲಿ ಮುಚ್ಚಿಟ್ಟು ಮತ್ತೆ ತೂಗಿದರೆ ಹೆಚ್ಚಾದದ್ದೆಲ್ಲ ಸಿಂಬಳ. ಕೇಳಲು ಅಸಹ್ಯ, ಆದರೆ ತಕ್ಕಡಿಗೆ ನಂಬಿಕೆ ಇರುವುದಿಲ್ಲವಲ್ಲ.

ಜೊತೆಗೆ ಯಾರು ಎಷ್ಟು ಹಾಲು, ಹಾಲಿನ ಪದಾರ್ಥ ಸೇವಿಸಿದರೆಂದು ಬರೆದಿಟ್ಟರು. ದಿನಕ್ಕೆ ಸೊನ್ನೆಯಿಂದ ಹನ್ನೊಂದು ಲೋಟದವರೆಗೂ ಇತ್ತು. ಕೊನೆಗೆ 51 ಜನರ ಲೆಕ್ಕ ಪೂರ್ತಿ ಸಿಕ್ಕಿತು. ಹತ್ತು ದಿನದಂತೆ 510 ದಿನಗಳ ಲೆಕ್ಕ. ಸ್ರಾವದ ತೂಕ ಕೆಲವರಲ್ಲಿ ಸೊನ್ನೆ, ಒಬ್ಬರಲ್ಲಿ ಒಂದು ದಿನ 30.4 ಗ್ರಾಂ, ಸರಾಸರಿ ಒಂದು ಗ್ರಾಮಿನ ಆಸುಪಾಸು. ಲೋಟಗಳ ಸಂಖ್ಯೆ ಹೆಚ್ಚಿದಂತೆ ಈ ತೂಕ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಹಾಲು ಜಾಸ್ತಿ ಕುಡಿದವರಲ್ಲಿ ಕೆಮ್ಮು ಬಂದಾಗ ಅದು ತುಸು ಸಡಿಲವಾಗಿರುವಂತೆ ಕಂಡಿತು, ಆದರೆ ಆ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು.

ಇದರಲ್ಲಿ ಬಹಳ ಹೇಳುವ ಭಾಗ ಬೇರೆಯೇ ಇದೆ. ಹಾಲಿನಿಂದ ಲೋಳೆಯಾಗುತ್ತದೆ ಎಂದು ಮೊದಲೇ ನಂಬಿದವರು ಕೆಮ್ಮು, ಮೂಗು ಕಟ್ಟುವಿಕೆ ಹೆಚ್ಚೆಂದು ಹೇಳಿಕೊಂಡರು. ಅವರ ಕಾಗದಗಳನ್ನು ತೂಗಿದರೆ ನಂಬದವರಿಗಿಂತ ಹೆಚ್ಚೇನೂ ಇರಲಿಲ್ಲ. ಅವರು ಸುಳ್ಳು ಹೇಳಿದರೆಂದಲ್ಲ. ಹಾಲು ಕುಡಿದ ಮೇಲೆ ಗಂಟಲನ್ನು ಗಮನಿಸುವವರಿಗೆ ಗಂಟಲಿನ ಸುದ್ದಿ ಹೆಚ್ಚು ಸಿಗುತ್ತದೆ. ಈ ಬರಹ ಓದುತ್ತಾ ನೀವು ಈಗಾಗಲೇ ಒಂದೆರಡು ಸಲ ಎಂಜಲು ನುಂಗಿ ನೋಡಿರಬಹುದು.

ಇದರ ಮಿತಿಯೂ ಹೇಳಬೇಕು. ತೂಗಿದ್ದು ಮೂಗಿನದನ್ನು, ಎದೆಯದನ್ನಲ್ಲ. ಯಾರು ಎಷ್ಟು ಕುಡಿಯಬೇಕೆಂದು ಅಧ್ಯಯನ ಮಾಡಿದವರು ನಿಗದಿ ಮಾಡಲಿಲ್ಲ, ಅವರವರ ಅಭ್ಯಾಸವೇ ಲೆಕ್ಕಕ್ಕೆ ಬಂತು. ಎದೆಯ ಪ್ರಶ್ನೆಗೆ ಸ್ವಲ್ಪ ಉತ್ತರ 1998ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ್ದೇ ಇನ್ನೊಂದು ಅಧ್ಯಯನದಲ್ಲಿದೆ. ದಮ್ಮಿರುವ 20 ವಯಸ್ಕರಿಗೆ ಒಂದು ದಿನ 300 ಮಿಲಿ ಹಾಲಿಗೆ ಸಮನಾದ ಪಾನೀಯ, ಇನ್ನೊಂದು ದಿನ ಹಾಲಿಲ್ಲದ ಪಾನೀಯ ಕೊಟ್ಟರು. ಯಾವುದು ಯಾವುದೆಂದು ಕುಡಿದವರಿಗೂ ಗೊತ್ತಿಲ್ಲ, ಅಳೆದವರಿಗೂ ಗೊತ್ತಿಲ್ಲ. ಅವರಲ್ಲಿ ಹಾಲಿನಿಂದ ತಮ್ಮ ದಮ್ಮು ಏರುತ್ತದೆ ಎಂದು ನಂಬಿದವರೂ ಇದ್ದರು. ಉಸಿರನ್ನು ಊದಿಸಿ ಅಳೆದಾಗ ಗುಂಪಾಗಿ ನೋಡಿದರೆ ಎರಡು ಪಾನೀಯಗಳಿಗೂ ವ್ಯತ್ಯಾಸ ಸಿಗಲಿಲ್ಲ. ಇಪ್ಪತ್ತು ಜನ ದೊಡ್ಡ ಸಂಖ್ಯೆಯಲ್ಲ. ಅಪರೂಪಕ್ಕೆ ಒಬ್ಬರಿಗೆ ಹಾಲು ಆಗದಿರಬಹುದು ಎಂಬುದನ್ನು ಇದು ಅಳಿಸಿಹಾಕುವುದಿಲ್ಲ. ದಮ್ಮಿರುವ ಎಲ್ಲರಿಗೂ ಹಾಲು ನಿಲ್ಲಿಸಿ ಎನ್ನುವ ಸಲಹೆಗೆ ಆಧಾರವಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಹಾಗಾದರೆ ಗಂಟಲಿಗೆ ಅಂಟಿದ್ದೇನು?

ಅಡಿಲೇಡ್‌ನ ಅದೇ ತಂಡ 1993ರಲ್ಲಿ ಈ ಪ್ರಶ್ನೆಗೇ ಕೈಹಾಕಿತು. ಹಸುವಿನ ಹಾಲು ಮತ್ತು ಸೋಯಾದಿಂದ ಮಾಡಿದ, ಬಾಯಿಗೆ ಹಾಲಿನಂತೆಯೇ ಅನಿಸುವ ಪಾನೀಯ, ಎರಡನ್ನೂ ವ್ಯತ್ಯಾಸ ತಿಳಿಯದಂತೆ ಕೊಟ್ಟು ಕುಡಿದವರ ಅನುಭವ ಬರೆಸಿಕೊಂಡರು. ಬಾಯಿ, ನಾಲಿಗೆ, ಗಂಟಲಿನ ಮೇಲೆ ಪೊರೆ ಕಟ್ಟಿದಂತಾಗುವುದು, ಮತ್ತೆ ಮತ್ತೆ ನುಂಗಬೇಕೆನಿಸುವುದು, ಎಂಜಲು ದಪ್ಪವಾದಂತಾಗುವುದು. ಜನ "ಕಫ" ಎಂದು ಹೇಳುವುದೆಲ್ಲ ಇವೇ. ಹಾಲು ಕುಡಿದವರು ಇವನ್ನು ಹೇಳಿದರು. ಸೋಯಾ ಕುಡಿದವರೂ ಹೇಳಿದರು. ಸೋಯಾದಲ್ಲಿ ಹಾಲಿನ ಒಂದು ತೊಟ್ಟೂ ಇರಲಿಲ್ಲ. ಅಂದ ಮೇಲೆ ಆ ಅನುಭವ ಹಾಲೆಂಬ ಪದಾರ್ಥದ್ದಲ್ಲ, ಜಿಡ್ಡಿನ ಸಣ್ಣ ಹನಿಗಳು ನೀರಿನಲ್ಲಿ ತೇಲುವ ಯಾವ ಬಿಳಿ ಪಾನೀಯಕ್ಕೂ ಬರಬಹುದಾದ್ದು.

ಹಾಲೆಂದರೆ ಅದೇ ತಾನೆ. ಕೊಬ್ಬಿನ ಸೂಕ್ಷ್ಮ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ, ಪ್ರೋಟೀನು ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಬಾಯಿಗೆ ಬಂದ ಕೂಡಲೇ ಎಂಜಲು ಸೇರುತ್ತದೆ. ಎಂಜಲಿನಲ್ಲೂ ಮ್ಯೂಸಿನ್ ಎಳೆಗಳಿವೆ. ಅವುಗಳ ನಡುವೆ ಹನಿಗಳು ಗುಂಪುಗೂಡಿ ಸಣ್ಣ ಸಣ್ಣ ಗೊಂಚಲಾಗುತ್ತವೆ. ಎಂಜಲು ಅಷ್ಟರಮಟ್ಟಿಗೆ ದಪ್ಪವಾಗಿ ನಾಲಿಗೆಯ ಹಿಂಭಾಗದಲ್ಲಿ, ಗಂಟಲ ಗೋಡೆಯಲ್ಲಿ ತೆಳು ಪದರವಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಲಂಡನ್ನಿನ ಮಕ್ಕಳ ಶ್ವಾಸಕೋಶ ತಜ್ಞ ಇಯಾನ್ ಬಾಲ್ಫರ್-ಲಿನ್ ಈ ನಂಬಿಕೆಯ ಬಗ್ಗೆ ಬರೆದ ವಿಮರ್ಶೆಯಲ್ಲಿ ಕೊಡುವ ವಿವರಣೆಯೂ ಇದೇ: ಹೊಸ ಲೋಳೆ ಹುಟ್ಟಿಲ್ಲ, ಇದ್ದ ಎಂಜಲೇ ಹಾಲಿನೊಂದಿಗೆ ಸೇರಿ ದಪ್ಪವಾಗಿದೆ.

ಇದನ್ನು ಅಡುಗೆಮನೆಯ ಸಿಂಕಿನ ಮುಂದೆಯೇ ನೋಡಬಹುದು. ಉಗುರುಬೆಚ್ಚಗಿನ ಹಾಲನ್ನು ಎರಡು ಗುಟುಕು ಬಾಯಲ್ಲಿ ಹತ್ತು ಸೆಕೆಂಡು ಆಡಿಸಿ ನುಂಗಿ, ನಂತರ ಸ್ಟೀಲ್ ಬಟ್ಟಲಿಗೆ ಉಗಿಯಿರಿ. ಮೋಡದಂಥ, ಎಳೆಯೆಳೆಯಾದ ಎಂಜಲು ಬರುತ್ತದೆ. ನೋಡಿದ ಯಾರಾದರೂ ಕಫವೆಂದೇ ಹೇಳುತ್ತಾರೆ. ಈಗ ಒಂದು ಬಾಯಿ ನೀರು ಮುಕ್ಕಳಿಸಿ, ಎರಡು ಗುಟುಕು ನೀರು ಕುಡಿದು ಮತ್ತೆ ಉಗಿಯಿರಿ. ಎಂಜಲು ತಿಳಿಯಾಗಿರುತ್ತದೆ, ಗಂಟಲಿನ ಅಂಟೂ ಹೋಗಿರುತ್ತದೆ. ಎದೆಯಿಂದ ಬಂದ ಕಫವಾಗಿದ್ದರೆ ಒಂದು ಬಾಯಿ ನೀರಿಗೆ ಅದು ಮಾಯವಾಗುತ್ತಿರಲಿಲ್ಲ. ಶೇ. 6ರಷ್ಟು ಕೊಬ್ಬಿರುವ ಫುಲ್ ಕ್ರೀಮ್ ಹಾಲಿನಲ್ಲಿ ಈ ಪದರ ಚೆನ್ನಾಗಿ ತಿಳಿಯುತ್ತದೆ, ಶೇ. 3ರ ಟೋನ್ಡ್ ಹಾಲಿನಲ್ಲಿ ಕಡಿಮೆ. ಮಜ್ಜಿಗೆ ನೀರಾಗಿದ್ದರೆ ಇನ್ನೂ ಕಡಿಮೆ. ಹಾಡುವವರು ಕಛೇರಿಗೆ ಮುಂಚೆ ಹಾಲು ಬೇಡ ಎನ್ನುವುದರಲ್ಲಿ ಈ ಮಟ್ಟಿಗೆ ಅರ್ಥವಿದೆ: ಪದರವಿರುವ ಗಂಟಲನ್ನು ಪದೇಪದೇ ಕೆರೆದುಕೊಳ್ಳಬೇಕೆನಿಸುತ್ತದೆ.

"ನನ್ನ ವಿಷಯ ಬೇರೆ, ನನಗೆ ಖಂಡಿತ ಆಗುತ್ತದೆ" ಎನ್ನುವ ದೊಡ್ಡವರಿಗೆ ಇನ್ನೂ ಒಂದು ಹೆಜ್ಜೆ ಮುಂದಿನ ಪರೀಕ್ಷೆ ಇದೆ. ಟೋನ್ಡ್ ಹಾಲು 200 ಮಿಲಿ, ಸಿಹಿ ಹಾಕದ ಸೋಯಾ ಹಾಲು 200 ಮಿಲಿ. ಎರಡಕ್ಕೂ ಸಮನಾಗಿ ಸಕ್ಕರೆ, ಒಂದು ದೊಡ್ಡ ಚಮಚ ಕೋಕೋ ಪುಡಿ, ಸ್ವಲ್ಪ ಏಲಕ್ಕಿ. ಸೋಯಾದ ಹಸಿಕಾಳಿನ ವಾಸನೆ ಮುಚ್ಚದಿದ್ದರೆ ಇಡೀ ಪರೀಕ್ಷೆ ವ್ಯರ್ಥ. ಎರಡೂ ಒಂದೇ ಬಿಸಿಯಲ್ಲಿರಬೇಕು, ಒಂದೇ ಬಗೆಯ ಮುಚ್ಚಳದ ಲೋಟದಲ್ಲಿರಬೇಕು. ಮನೆಯ ಇನ್ನೊಬ್ಬರು ಒಳಗೆ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಹಾಲು ಎಂದು ಬರೆದಿಟ್ಟು, ದಿನಕ್ಕೊಂದು ಲೋಟ ತಂದುಕೊಡಲಿ. ನೆಗಡಿ ಇಲ್ಲದ ಆರು ದಿನ. ಕುಡಿದ ಐದು ನಿಮಿಷಕ್ಕೆ, ಮತ್ತೆ ಎರಡು ಗಂಟೆಗೆ ಅಂಟಿನ ಅಂಕ ಸೊನ್ನೆಯಿಂದ ಹತ್ತರೊಳಗೆ ಬರೆಯಿರಿ, ಇದು ಯಾವುದೆಂಬ ಊಹೆಯನ್ನೂ ಬರೆಯಿರಿ. ಕೊನೆಯ ದಿನ ಚೀಟಿ ಬಿಚ್ಚಿ ನೋಡಿ. ಸುಮ್ಮನೆ ಊಹಿಸಿ ಆರಕ್ಕೆ ಆರೂ ಸರಿಯಾಗುವ ಸಾಧ್ಯತೆ 64ರಲ್ಲಿ ಒಂದು. ಸಾಮಾನ್ಯವಾಗಿ ಎಡವುವುದು ಎರಡು ಕಡೆ: ಕೊಟ್ಟವರ ಮುಖ ನೋಡಿ ಗೊತ್ತುಮಾಡಿಕೊಳ್ಳುವುದು, ಮತ್ತು ಲೋಟದ ತಳದ ಕೆನೆ ನೋಡುವುದು. ಹಾಲಿಗಾಗಲಿ ಸೋಯಾಗಾಗಲಿ ಅಲರ್ಜಿ ಇರುವವರು ಇದಕ್ಕೆ ಕೈ ಹಾಕಬಾರದು.

ಅರಿಶಿನ ಹಾಲಿನ ಕಥೆಯನ್ನೂ ಇಲ್ಲೇ ಮುಗಿಸಿಬಿಡಬಹುದು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿಯಾಗಿದ್ದ 30 ಜನರಿಗೆ ಬಿಸಿ ಹಣ್ಣಿನ ಪಾನೀಯ ಕೊಟ್ಟು ನೋಡಿದರು. ಮೂಗಿನಲ್ಲಿ ಗಾಳಿ ಹರಿಯುವ ಪ್ರಮಾಣ ಬದಲಾಗಲಿಲ್ಲ, ಆದರೂ ಕೆಮ್ಮು, ಸೀನು, ಗಂಟಲು ನೋವು ಕೂಡಲೇ ತಗ್ಗಿತೆಂದು ಕುಡಿದವರು ಹೇಳಿದರು. ಬಿಸಿ, ಸಿಹಿ, ಖಾರ ಸೇರಿದರೆ ಎಂಜಲು ಚೆನ್ನಾಗಿ ಸುರಿದು ಗಂಟಲು ತೇವವಾಗುತ್ತದೆ. ಅಜ್ಜಿಯ ಲೋಟದಲ್ಲಿ ಈ ಮೂರೂ ಇವೆ, ಹಾಲು ಅವನ್ನು ಹೊತ್ತು ತರುವ ಗಾಡಿ.

ಒಪ್ಪದ ಒಂದು ಅಧ್ಯಯನ

ಇಷ್ಟು ಹೇಳಿ, ಎದುರಿಗೆ ನಿಲ್ಲುವುದನ್ನು ಮುಚ್ಚಿಡಬಾರದು. 2019ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಅಧ್ಯಯನ ಹಾಲಿನ ವಿರುದ್ಧ ಹೇಳುತ್ತದೆ. ಗಂಟಲ ಹಿಂದೆ ಸದಾ ಲೋಳೆ ಇಳಿಯುತ್ತದೆ ಎಂಬ ದೂರು ಇದ್ದ 108 ಜನರಿಗೆ ಆರು ದಿನ ಹಾಲಿನ ಪದಾರ್ಥಗಳನ್ನೆಲ್ಲ ನಿಲ್ಲಿಸಿದರು. ಆ ಅವಧಿಯಲ್ಲೇ ಕೆಲವರಿಗೆ ಹಸುವಿನ ಹಾಲನ್ನೂ ಉಳಿದವರಿಗೆ ಸೋಯಾ ಹಾಲನ್ನೂ ಗುರುತು ತಿಳಿಯದಂತೆ ಕೊಟ್ಟರು. ಸೋಯಾದವರು ಲೋಳೆ ಕಡಿಮೆಯಾಯಿತೆಂದರು, ಹಾಲಿನವರಿಗೆ ಆ ಲಾಭ ಸಿಗಲಿಲ್ಲ. ಇದನ್ನು ತಳ್ಳಿಹಾಕಲಾಗದು, ಯಾಕೆಂದರೆ ವಿಧಾನ ಚೆನ್ನಾಗಿದೆ. ಆದರೆ ಅಳತೆ ಎಂದರೆ ಕುಡಿದವರ ಮಾತು, ತಕ್ಕಡಿಯಲ್ಲ. ದಪ್ಪಗಾದ ಎಂಜಲಿಗೂ ಹೊಸದಾಗಿ ಹುಟ್ಟಿದ ಲೋಳೆಗೂ ಗಂಟಲು ಭೇದ ಮಾಡುವುದಿಲ್ಲ ಎಂದು ಈಗಷ್ಟೇ ನೋಡಿದೆವು. ಅಲ್ಲಿದ್ದವರು ನೆಗಡಿಯಾದ ಮಕ್ಕಳಲ್ಲ, ತಿಂಗಳುಗಟ್ಟಲೆ ಗಂಟಲು ಕೆರೆದುಕೊಳ್ಳುವ ಜನ. ಅಂಥ ದೂರಿರುವ ವಯಸ್ಕರು ಒಂದು ವಾರ ಹಾಲು ಬಿಟ್ಟು ನೋಡುವುದರಲ್ಲಿ ತಪ್ಪೇನಿಲ್ಲ. ಅದನ್ನೇ ಎತ್ತಿ ಮೂರು ವರ್ಷದ ಮಗುವಿನ ಕೆಮ್ಮಿಗೆ ಹಚ್ಚುವುದು ಸರಿಯಲ್ಲ.

ಏ1, ಏ2 ಹಾಲಿನ ವ್ಯಾಪಾರದ ಬೇರೂ ಇಲ್ಲೇ ಹತ್ತಿರದಲ್ಲಿದೆ. ಕೆಲವು ತಳಿಯ ಹಸುಗಳ ಹಾಲಿನಲ್ಲಿರುವ ಏ1 ಬೀಟಾ ಕೇಸಿನ್ ಎಂಬ ಪ್ರೋಟೀನು ಜೀರ್ಣವಾಗುವಾಗ ಬೀಟಾ ಕ್ಯಾಸೊಮಾರ್ಫಿನ್-7 ಎಂಬ ತುಣುಕು ಹುಟ್ಟುತ್ತದೆ. ಅದು ಕರುಳಿನ ಕೋಶಗಳಿಂದ ಲೋಳೆ ಸುರಿಸಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಅದೇ ತುಣುಕು ರಕ್ತದ ಮೂಲಕ ಶ್ವಾಸನಾಳಕ್ಕೂ ಹೋಗಿ ಅದನ್ನೇ ಮಾಡಬಹುದು ಎಂಬುದು 2010ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಮುಂದಿಟ್ಟ ಊಹೆ. ಅದನ್ನು ಬರೆದವರೂ ಊಹೆಯೆಂದೇ ಕರೆದಿದ್ದರು. ನಮ್ಮ ನಾಟಿ ಹಸುಗಳಲ್ಲೂ ಎಮ್ಮೆಗಳಲ್ಲೂ ಹೆಚ್ಚುಪಾಲು ಆ ಪ್ರೋಟೀನಿನ ಇನ್ನೊಂದು ರೂಪವಾದ ಏ2 ಇರುವುದು ನಿಜ. ಕೆಮ್ಮು ಬರದೆಂದು ದುಪ್ಪಟ್ಟು ಹಣ ಕೊಡಲು ಅಷ್ಟು ಸಾಲದು.

ರಾತ್ರಿ ಹನ್ನೊಂದರ ಕೆಮ್ಮು

ಮಕ್ಕಳ ಕ್ಲಿನಿಕ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂದರ್ಭವನ್ನು ಬಿಡಿಸಿ ನೋಡೋಣ. ಮೂರು ವರ್ಷದ ಮಗು, ಅಂಗನವಾಡಿಗೋ ಪ್ಲೇಹೋಮಿಗೋ ಹೋಗುತ್ತದೆ. ಐದು ದಿನದಿಂದ ನೆಗಡಿ. ಹಗಲೆಲ್ಲ ಆಡಿಕೊಂಡಿರುತ್ತದೆ. ರಾತ್ರಿ ಒಂಬತ್ತೂವರೆಗೆ 200 ಮಿಲಿ ಹಾಲು ಬಾಟಲಿಯಲ್ಲಿ, ಮಲಗಿಕೊಂಡೇ. ಹನ್ನೊಂದಕ್ಕೆ ಕೆಮ್ಮು ಶುರು. ಕೆಮ್ಮಿ ಕೆಮ್ಮಿ ಕೊನೆಗೆ ಹಾಸಿಗೆ ಮೇಲೆ ವಾಂತಿ. ತಾಯಿ ಬಟ್ಟೆ ಬದಲಿಸುವಾಗ ನೋಡುತ್ತಾರೆ: ಬಿಳಿ ಗಡ್ಡೆ ಗಡ್ಡೆ ಹಾಲು, ಅದರ ಸುತ್ತ ಮೊಟ್ಟೆಯ ಬಿಳಿಯಂಥ ಲೋಳೆಯ ಎಳೆ. ಮರುದಿನ ಡಾಕ್ಟರ ಮುಂದೆ, "ಹಾಲೆಲ್ಲ ಕಫ ಆಗಿ ಬಂತು ಡಾಕ್ಟ್ರೇ, ಕಣ್ಣಾರೆ ನೋಡಿದೆ" ಎನ್ನುತ್ತಾರೆ. ಈ ನಂಬಿಕೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ, ಅದಕ್ಕೇ ಇದನ್ನು ಸರಿಯಾಗಿ ಓದಬೇಕು.

ಚಿಕ್ಕ ಮಕ್ಕಳಿಗೆ ಕಫ ಉಗಿಯಲು ಬರುವುದಿಲ್ಲ. ಮೂಗಿನಿಂದ ಗಂಟಲಿಗೆ ಇಳಿದದ್ದು, ಎದೆಯಿಂದ ಕೆಮ್ಮಿ ಮೇಲೆ ಬಂದದ್ದು ಎಲ್ಲವನ್ನೂ ನುಂಗುತ್ತವೆ. ಅದು ಹೊಟ್ಟೆಯಲ್ಲಿ ಸೇರಿಕೊಂಡಿರುತ್ತದೆ. ಮೇಲೆ ಹಾಲು ಹೋಗುತ್ತದೆ, ಹೊಟ್ಟೆಯ ಆಮ್ಲಕ್ಕೆ ಒಡೆದು ಗಡ್ಡೆಯಾಗುತ್ತದೆ. ಜೋರು ಕೆಮ್ಮಿನ ಒತ್ತಡಕ್ಕೆ ಎರಡೂ ಒಟ್ಟಿಗೆ ಹೊರಬರುತ್ತವೆ. ಹಾಲು ಮತ್ತು ಲೋಳೆ ಭೇಟಿಯಾದದ್ದು ಹೊಟ್ಟೆಯಲ್ಲಿ, ಒಂದು ಇನ್ನೊಂದಾದದ್ದಲ್ಲ. ಆ ರಾತ್ರಿ ಮಗು ಮುದ್ದೆ ತಿಂದಿದ್ದರೆ ಮುದ್ದೆಯ ಸುತ್ತ ಲೋಳೆ ಇರುತ್ತಿತ್ತು.

ಇನ್ನು ಹನ್ನೊಂದು ಗಂಟೆ ಯಾಕೆ? ಮಲಗಿದಾಗ ಮೂಗಿನ ಸ್ರಾವ ಮುಂದಕ್ಕೆ ಸುರಿಯುವ ಬದಲು ಗಂಟಲ ಹಿಂದಕ್ಕೆ ಇಳಿಯುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿ ಗಂಟಲು ಒಣಗುತ್ತದೆ. ಹಾಲು ಕೊಟ್ಟದ್ದೂ ಮಲಗುವ ಹೊತ್ತಿಗೇ ಆದ್ದರಿಂದ ಕೆಮ್ಮು ಹಾಲಿನ ಹಿಂದೆಯೇ ಬಂದಂತೆ ಕಾಣುತ್ತದೆ. ಎಂಟನೇ ದಿನ ಹಾಲು ನಿಲ್ಲಿಸುತ್ತಾರೆ ಎಂದುಕೊಳ್ಳಿ. ನೆಗಡಿಯ ಕೆಮ್ಮು ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಹತ್ತು ದಿನದೊಳಗೆ, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ 25 ದಿನದೊಳಗೆ ತಾನಾಗಿ ಹೋಗುತ್ತದೆ. ಹನ್ನೆರಡನೇ ದಿನ ಕೆಮ್ಮು ನಿಂತರೆ ಕೀರ್ತಿ ಹಾಲು ಬಿಟ್ಟದ್ದಕ್ಕೆ. ನಿಲ್ಲದಿದ್ದರೆ "ಮೊಸರೂ ಕೊಟ್ಟಿದ್ದೆವಲ್ಲ, ಅದಕ್ಕೆ" ಎಂದು ತಟ್ಟೆಯಿಂದ ಇನ್ನೊಂದು ಪದಾರ್ಥವೂ ಹೋಗುತ್ತದೆ.

ಇದರ ಬೆಲೆ ಇರುವುದು ಇಲ್ಲಿ. ಆ ಮಗು ದಿನಕ್ಕೆ ಎರಡು ಸಲ 200 ಮಿಲಿ ಕುಡಿಯುತ್ತಿದ್ದರೆ, ಅದರಲ್ಲಿ ಸುಮಾರು 480 ಮಿಲಿಗ್ರಾಂ ಕ್ಯಾಲ್ಸಿಯಂ, 13 ಗ್ರಾಂ ಪ್ರೋಟೀನು. ಈ ವಯಸ್ಸಿಗೆ ನಮ್ಮ ದೇಶದ ಶಿಫಾರಸು ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ವಾರ ತಪ್ಪಿದರೆ ಏನೂ ಆಗದು. ಆದರೆ ಪ್ಲೇಹೋಮಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಸಾಮಾನ್ಯ, ಪ್ರತಿ ಸಲ ಎರಡು ವಾರ ಹಾಲು ನಿಲ್ಲಿಸಿದರೆ ವರ್ಷದಲ್ಲಿ ಸುಮಾರು ಮೂರರಿಂದ ನಾಲ್ಕು ತಿಂಗಳು. ಜ್ವರದಲ್ಲಿ ಊಟ ಬಿಟ್ಟ ಮಗು ಒಪ್ಪಿ ಕುಡಿಯುವುದು ಹಾಲೊಂದೇ ಆಗಿರುವಾಗ ಅದನ್ನೂ ಕಿತ್ತುಕೊಂಡರೆ ಉಳಿಯುವುದು ಗ್ಲೂಕೋಸ್ ನೀರು, ಬಿಸ್ಕತ್ತು.

ಹಾಲನ್ನೇ ಅನುಮಾನಿಸಬೇಕಾದಾಗ

ಕೆಲವು ಕಡೆ ಹಾಲು ನಿಜವಾಗಿ ಕಾರಣವಾಗಿರುತ್ತದೆ, ಅವುಗಳ ಗುರುತು ಬೇರೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಕೂಸುಗಳಲ್ಲಿ ಕುಡಿದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊದುವುದು, ವಾಂತಿ, ಕೆಲವೊಮ್ಮೆ ಸುಂಯ್ ಸುಂಯ್ ಉಸಿರು ಬರುತ್ತದೆ. ಬರಿ ಕೆಮ್ಮಾಗಿ ಬರುವುದು ಬಹಳ ಅಪರೂಪ, ಮತ್ತು ನೆಗಡಿ ಇರಲಿ ಬಿಡಲಿ, ಹಾಲು ಕುಡಿದಾಗಲೆಲ್ಲ ಬರುತ್ತದೆ. ಇನ್ನೊಂದು, ಕುಡಿಯುವಾಗಲೇ ಕೆಮ್ಮುವುದು, ಉಸಿರು ಸಿಕ್ಕಿಕೊಂಡಂತಾಗುವುದು, ಕುಡಿದ ಮೇಲೆ ಗಂಟಲು ಗೊರಗೊರ ಎನ್ನುವುದು. ಇದು ಹಾಲು ದಾರಿತಪ್ಪಿ ಶ್ವಾಸನಾಳದ ಕಡೆ ಹೋಗುತ್ತಿರುವ ಸೂಚನೆ, ನೀರು ಕುಡಿದರೂ ಹೀಗೇ ಆಗುತ್ತದೆ. ಇವೆರಡನ್ನೂ ಮನೆಯಲ್ಲೇ ಸರಿಪಡಿಸಲು ಹೋಗದೆ ವೈದ್ಯರಿಗೆ ತೋರಿಸಬೇಕು. ಹಾಗೆಯೇ, ಹಾಲು ನಿಲ್ಲಿಸಿ ಕಾಯುತ್ತಾ ಕೂರಬಾರದ ಕೆಮ್ಮುಗಳೂ ಇವೆ: ಎರಡು ವಾರ ದಾಟಿದ್ದಕ್ಕೆ ನಮ್ಮ ದೇಶದಲ್ಲಿ ಕ್ಷಯದ ಪರೀಕ್ಷೆ ಮಾಡಿಸಬೇಕು. ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ಉಸಿರು ಬಿರುಸಾದರೆ ಅದೇ ದಿನ ಹೋಗಬೇಕು.

ಇದಾವುದೂ ಇಲ್ಲದ ಮಾಮೂಲಿ ನೆಗಡಿಯ ಮಗುವಿಗೆ ಬದಲಿಸಬೇಕಾದ್ದು ಹಾಲಿನ ಹೊತ್ತು ಮತ್ತು ಕುಡಿಯುವ ಭಂಗಿ. ಒಂಬತ್ತೂವರೆಯ ಬಾಟಲಿಯನ್ನು ಏಳೂವರೆಯ ಲೋಟವಾಗಿಸಿ. 200 ಮಿಲಿಯನ್ನು ಒಂದೇ ಸಲ ಹಾಕದೆ ಎರಡು ಸಲ ಮಾಡಿ, ಕೂರಿಸಿ ಕುಡಿಸಿ. ಕೊನೆಗೆ ಎರಡು ಗುಟುಕು ನೀರು ಕುಡಿಸಿದರೆ ಗಂಟಲಿನ ಪದರವೂ ಹೋಗುತ್ತದೆ, ಹಲ್ಲಿಗೂ ಒಳ್ಳೆಯದು. ಮಲಗಿಸುವ ಮುಂಚೆ ಪ್ರತಿ ಮೂಗಿನ ಹೊಳ್ಳೆಗೆ ಸಲೈನ್ ಡ್ರಾಪ್ಸ್ ಎರಡು ಹನಿ ಹಾಕಿ, ಒಂದು ನಿಮಿಷ ಬಿಟ್ಟು ಮೂಗಿನ ಸಿಂಬಳ ತೆಗೆಯಿರಿ. ಹೊಟ್ಟೆ ಅಷ್ಟು ಹೊತ್ತಿಗೆ ಅರ್ಧ ಖಾಲಿಯಾಗಿರುವುದರಿಂದ ಹನ್ನೊಂದಕ್ಕೆ ಕೆಮ್ಮು ಬಂದರೂ ಹಾಸಿಗೆ ಒದ್ದೆಯಾಗುವುದು ಕಡಿಮೆ. ಕೆಮ್ಮು ಬಂದೇ ಬರುತ್ತದೆ, ಇನ್ನೂ ನಾಲ್ಕೈದು ರಾತ್ರಿ.